ವರ್ಷಕ್ಕೊಂದು ರೆಸಾರ್ಟ್‌ಗಿಂತ ದಿನಾ ಸಿಗುವ ಒಂದು "ಓ" ಯಾಕೆ ದೊಡ್ಡದು

ಪ್ರಶ್ನೆ: ಮೇಡಂ, ಮದುವೆಯಾಗಿ ಏಳು ವರ್ಷ, ಒಬ್ಬ ಮಗ. ನನ್ನದು ಬೈಕಂಪಾಡಿಯಲ್ಲಿ ಶಿಫ್ಟ್ ಕೆಲಸ, ಹೆಂಡತಿ ಟೀಚರ್. ಪ್ರತಿ ಅನಿವರ್ಸರಿಗೆ ಏನಾದ್ರೂ ದೊಡ್ಡದು ಮಾಡ್ತೇನೆ, ಒಂದು ವರ್ಷ ಬಂಗಾರದ ಬಳೆ, ಕಳೆದ ವರ್ಷ ಬೀಚ್ ರೆಸಾರ್ಟಲ್ಲಿ ಎರಡು ದಿನ. ಆದ್ರೂ ಮೊನ್ನೆ ಜಗಳದಲ್ಲಿ "ನೀವು ಮನೆಯಲ್ಲಿದ್ರೂ ಒಂದೇ ಇಲ್ದಿದ್ರೂ ಒಂದೇ" ಅಂದ್ಲು. ಇಷ್ಟೆಲ್ಲಾ ಮಾಡಿಯೂ ಇದೆಂತ ಮಾತು? ಬರುವ ತಿಂಗಳು ಮತ್ತೆ ಅನಿವರ್ಸರಿ, ರೂಮ್ ಬುಕ್ ಮಾಡಿ ಆಗಿದೆ. ಹೋಗುದಾ ಬೇಡ್ವಾ?
— ಸುರತ್ಕಲ್‌ನಿಂದ ಒಬ್ಬರು ಓದುಗರು

ಉತ್ತರ: ಆ ಮಾತು ನಿಮ್ಗೆ ಎಷ್ಟು ನೋವು ಮಾಡಿದೆ ಅಂತ ಗೊತ್ತಾಗ್ತದೆ, ಯಾಕಂದ್ರೆ ನೀವು ನಿಜವಾಗಿ ಪ್ರೀತಿಯಿಂದಲೇ ಮಾಡಿದ್ದು. ಆದ್ರೆ ನಿಮ್ಮ ಹೆಂಡತಿಯವರು ಬಳೆಯ ಬಗ್ಗೆಯೂ ಹೇಳ್ಲಿಲ್ಲ, ರೆಸಾರ್ಟ್ ಬಗ್ಗೆಯೂ ಹೇಳ್ಲಿಲ್ಲ. ಅವರು ಹೇಳಿದ್ದು ಮನೆಯ ಬಗ್ಗೆ. ನೀವು ಶಿಫ್ಟ್ ಮುಗಿಸಿ ಬಂದು ಚಪ್ಪಲಿ ಬಿಟ್ಟು ಒಳಗೆ ಬಂದಲ್ಲಿಂದ ಮಲಗುವ ತನಕ ಎಂತ ನಡೀತದೆ, ಅದರ ಬಗ್ಗೆ. ನಾನು ಈ ಕೌನ್ಸೆಲಿಂಗ್ ಕೆಲಸಕ್ಕೆ ಬಂದ ಮೇಲೆ ಹೆಚ್ಚು ಕಮ್ಮಿ ಇದೇ ವಾಕ್ಯವನ್ನು ಬೇರೆ ಬೇರೆ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ, ಮತ್ತೆ ಪ್ರತಿ ಸಲವೂ ಎದುರಿಗೆ ಕೂತ ಇನ್ನೊಬ್ಬರು ನಿಮ್ಮ ಹಾಗೆಯೇ "ನಾನು ಎಂತ ಕಮ್ಮಿ ಮಾಡಿದ್ದು" ಅಂತ ಕೇಳ್ತಾರೆ.

ಈ ವಿಷಯದಲ್ಲಿ ನನ್ಗೆ ತುಂಬ ಉಪಯೋಗಕ್ಕೆ ಬಂದ ಒಂದು ಸ್ಟಡಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳ್ತೇನೆ. ಅಮೆರಿಕದ ಸಿಯಾಟಲ್‌ನಲ್ಲಿ, ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ ಜಾನ್ ಗಾಟ್ಮನ್ ಅಂತ ಒಬ್ಬರು ಸೈಕಾಲಜಿಸ್ಟ್, ಅವರು ಒಂದು ಸಣ್ಣ ಅಪಾರ್ಟ್‌ಮೆಂಟನ್ನೇ ಲ್ಯಾಬ್ ಮಾಡಿದ್ರು. ಹೊಸತಾಗಿ ಮದುವೆಯಾದ 130 ಜೋಡಿಗಳು ಒಂದೊಂದು ಜೋಡಿಯಾಗಿ ಅಲ್ಲಿಗೆ ಬಂದು ಉಳಿದ್ರು, ಅಡುಗೆ ಮಾಡಿದ್ರು, ಟಿವಿ ನೋಡಿದ್ರು, ಪೇಪರ್ ಓದಿದ್ರು, ಮನೆಯಲ್ಲಿ ರಜೆಯ ದಿನ ಹೇಗೆ ಇರ್ತೀರೋ ಹಾಗೆ ಇರಿ ಅಂತ ಅವರಿಗೆ ಹೇಳಿದ್ದು, ಮತ್ತೆ ಕ್ಯಾಮರಾ ಎಲ್ಲ ರೆಕಾರ್ಡ್ ಮಾಡ್ತಾ ಇತ್ತು. ರಿಸರ್ಚ್ ಮಾಡುವವರು ಸುರುವಿಗೆ ಹುಡುಕಿದ್ದು ಮನಸ್ಸು ಬಿಚ್ಚಿ ಆಡುವ ಗಂಭೀರ ಮಾತುಗಳನ್ನು. ಅಂಥದ್ದು ಸಿಕ್ಕಿದ್ದೇ ಕಮ್ಮಿ. ಸಿಕ್ಕಿದ್ದೆಲ್ಲಾ "ಅಲ್ಲಿ ನೋಡು, ದೋಣಿ ಎಷ್ಟು ಚಂದ ಉಂಟು" "ಈ ನ್ಯೂಸ್ ಓದಿದ್ಯಾ" ಅಂಥ ಮಾತುಗಳು, ಕೇಳಿದ್ರೆ ಎಂತದೂ ಇಲ್ಲ ಅನ್ನಿಸುವಂಥದ್ದು.

ಈ ಸಣ್ಣ ಮಾತಿಗೆ ಅವರು ಇಂಗ್ಲಿಷಿನಲ್ಲಿ ಕೊಟ್ಟ ಹೆಸರು "ಬಿಡ್". ನಮ್ಮ ಭಾಷೆಯಲ್ಲಿ ಇದಕ್ಕೆ ಅದಕ್ಕಿಂತ ಒಳ್ಳೆ ಶಬ್ದ ಉಂಟು, ಕರೆ. ಒಬ್ಬರು ಕರೀತಾರೆ, ಇನ್ನೊಬ್ಬರು ಓ ಅಂತಾರೆ ಅಥವಾ ಅನ್ನುದಿಲ್ಲ. ಕರೆ ಅಂದ್ರೆ ಹೆಸರು ಹಿಡಿದು ಕರೆಯುದೇ ಆಗ್ಬೇಕಂತಿಲ್ಲ. ಒಂದು ನಿಟ್ಟುಸಿರು ಕರೆ, ಮೊಬೈಲಲ್ಲಿ ಒಂದು ಫೋಟೋ ತೋರಿಸುದು ಕರೆ, ಸೋಫಾದಲ್ಲಿ ಹತ್ತಿರ ಬಂದು ಕೂರುದು ಕರೆ, "ಇವತ್ತು ಬೂತಾಯಿ ಎಷ್ಟು ಫ್ರೆಶ್ ಇತ್ತು ಗೊತ್ತುಂಟಾ" ಅನ್ನುದೂ ಕರೆ. ಬೂತಾಯಿ ಬರೀ ನೆಪ, ಒಳಗೆ ಕೇಳ್ತಾ ಇರುದು "ನೀನು ಇದ್ದೀಯಾ" ಅಂತ.

ಕರೆಗೆ ಮೂರು ರೀತಿಯ ಉತ್ತರ ಇರ್ತದೆ. ಅವರ ಕಡೆ ತಿರುಗುದು, ಗಮನವೇ ಕೊಡದೆ ಅತ್ಲಾಗಿ ಇರುದು, ಇಲ್ಲದಿದ್ರೆ ಮೇಲೆ ಬೀಳುದು, ಅಂದ್ರೆ "ಈಗ ಅದು ಎಂತಕ್ಕೆ, ತಲೆ ತಿನ್ಬೇಡ" ಅಂಥದ್ದು. ಆರು ವರ್ಷ ಬಿಟ್ಟು ಅದೇ ಜೋಡಿಗಳನ್ನು ಮತ್ತೆ ಹುಡುಕಿ ನೋಡಿದಾಗ, ಒಟ್ಟಿಗೆ ಉಳಿದವರು ಆ ಲ್ಯಾಬಿನಲ್ಲಿ ಇದ್ದಾಗ ಸಂಗಾತಿಯ ಕರೆಗೆ 100ರಲ್ಲಿ 86 ಸಲ ತಿರುಗಿದ್ರು, ಡಿವೋರ್ಸ್ ಆದವರು 33 ಸಲ. ಇದು ಗಾಟ್ಮನ್ ತಮ್ಮ ಪುಸ್ತಕಗಳಲ್ಲಿ ಕೊಟ್ಟ ಲೆಕ್ಕ. ಇಲ್ಲಿ ಒಂದು ಎಚ್ಚರಿಕೆ ಹೇಳ್ಲೇ ಬೇಕು, ಯಾಕಂದ್ರೆ ಇಂಟರ್ನೆಟ್ಟಲ್ಲಿ ಈ ನಂಬರನ್ನು ಜ್ವರದ ಥರ್ಮಾಮೀಟರ್ ಹಾಗೆ ಹಂಚ್ತಾರೆ. ಕರೆಗೆ ತಿರುಗದ ಕಾರಣಕ್ಕೆ ಮದುವೆ ಮುರೀತಾ ಅಥವಾ ಮುರೀಲಿಕ್ಕೆ ಸುರುವಾದ ಮನಸ್ಸು ತಿರುಗುದನ್ನು ನಿಲ್ಲಿಸಿತಾ ಅಂತ ಈ ನಂಬರ್ ಒಂದೇ ಹೇಳ್ಲಿಕ್ಕೆ ಆಗುದಿಲ್ಲ, ಎರಡೂ ಇರಬಹುದು. ಮತ್ತೆ "ಇಂಥವರು ಡಿವೋರ್ಸ್ ಆಗ್ತಾರೆ ಅಂತ ಮೊದಲೇ ಹೇಳ್ಬಹುದು" ಅನ್ನುವ ದೊಡ್ಡ ಕ್ಲೇಮನ್ನು ಬೇರೆ ಸಂಶೋಧಕರು ಪ್ರಶ್ನೆ ಮಾಡಿದ್ದಾರೆ, ಫಲಿತಾಂಶ ಗೊತ್ತಾದ ಮೇಲೆ ಮಾಡಿದ ಫಾರ್ಮುಲಾವನ್ನು ಬೇರೆ ಜೋಡಿಗಳ ಮೇಲೆ ಹಾಕಿ ನೋಡದೆ ನಂಬ್ಬಾರದು ಅಂತ, ಅದು ಸರಿಯಾದ ಮಾತು. ಹಾಗಾಗಿ ಮನೆಯಲ್ಲಿ ಕೂತು 86 ಬಂತಾ ಅಂತ ಎಣಿಸ್ಲಿಕ್ಕೆ ಹೋಗ್ಬೇಡಿ.

ಆದ್ರೆ ಅದೇ ಗುಂಪಿನಿಂದ ಬಂದ ಇನ್ನೊಂದು ಕೆಲಸ ಉಂಟು, 2004ರದ್ದು, ನನ್ಗೆ ಆ ದೊಡ್ಡ ನಂಬರಿಗಿಂತ ಇದು ಇಷ್ಟ. ಜಾನಿಸ್ ಡ್ರೈವರ್ ಮತ್ತು ಗಾಟ್ಮನ್ ಸೇರಿ 49 ಜೋಡಿಗಳದ್ದು ಎರಡು ರೆಕಾರ್ಡಿಂಗ್ ತಗೊಂಡ್ರು, ರಾತ್ರಿ ಊಟದ ಹೊತ್ತಿನ 10 ನಿಮಿಷ ಒಂದು, ಜಗಳದ ವಿಷಯ ಇಟ್ಕೊಂಡು ಮಾತಾಡಿದ 15 ನಿಮಿಷ ಇನ್ನೊಂದು. ಊಟದ ಹೊತ್ತಲ್ಲಿ ಒಬ್ಬರ ಕರೆಗೆ ಇನ್ನೊಬ್ಬರು ಹುರುಪಿನಿಂದ ಓಗೊಟ್ಟವರು, ಜಗಳದ ಮಧ್ಯದಲ್ಲಿಯೂ ಒಂದು ನಗು, ಒಂದು ಪ್ರೀತಿಯ ಮಾತು ತರ್ಲಿಕ್ಕೆ ಹೆಚ್ಚು ಆಗುವವರಾಗಿದ್ರು. ಅಂದ್ರೆ ಜಗಳ ಹೇಗೆ ಆಗ್ತದೆ ಅನ್ನುದು ಜಗಳದಲ್ಲಿ ಸುರುವಾಗುದಲ್ಲ, ಊಟದ ತಟ್ಟೆಯ ಹತ್ರ ಸುರುವಾಗ್ತದೆ. ನಿಮ್ಮ ಮೊನ್ನೆಯ ಜಗಳಕ್ಕೂ ಇದೇ ಸೇರ್ತದೆ ಅಂತ ನನ್ನ ಅಂದಾಜು.

ಈಗ ಒಂದು ಕೇಸ್ ಹೇಳ್ತೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಕುಂದಾಪುರ ಕಡೆಯ ಒಂದು ಜೋಡಿ, ಉಡುಪಿಯಲ್ಲಿ ಬಾಡಿಗೆ ಮನೆ, ಗಂಡನಿಗೆ ಸ್ವಂತ ವ್ಯಾಪಾರ, ಹೆಂಡತಿ ಮನೆಯಿಂದ ಅಕೌಂಟ್ಸ್ ಕೆಲಸ ಮಾಡುವವರು. ನಾನು ಅವರಿಗೆ ಕೊಟ್ಟ ಕೆಲಸ ಇಷ್ಟೇ: ಮೂರು ಸಂಜೆ, ಏಳರಿಂದ ಹತ್ತು ಗಂಟೆ ತನಕ, ನೀವು ಕಳಿಸಿದ ಕರೆಗಳನ್ನು ಮಾತ್ರ ಬರೀರಿ, ಇನ್ನೊಬ್ಬರು ಏನು ಮಾಡಿದ್ರು ಅಂತ ಬರೀಬೇಡಿ, ಒಬ್ಬರದ್ದು ಇನ್ನೊಬ್ಬರಿಗೆ ತೋರಿಸ್ಬೇಡಿ. ಎರಡು ಲಿಸ್ಟ್ ಮೇಜಿನ ಮೇಲೆ ಇಟ್ಟಾಗ ಇಬ್ಬರೂ ಸುಮಾರು ಹೊತ್ತು ಮಾತಾಡ್ಲಿಲ್ಲ. ಗಂಡನ ಲಿಸ್ಟಿನಲ್ಲಿ ಒಂದು ಹೀಗಿತ್ತು, ಮೊದಲ ಸಂಜೆ ಏಳೂವರೆಗೆ ಬಾಲ್ಕನಿಯಿಂದ "ಗಾಳಿ ಮಳೆ ಜೋರುಂಟು, ಕರೆಂಟ್ ಹೋಗ್ತದೆ ಕಾಣ್ತದೆ" ಅಂತ ಹೇಳಿದ್ದು. ಹೆಂಡತಿಗೆ ಅದು ಕೇಳಿದ್ದು "ಕ್ಯಾಂಡಲ್ ತೆಗೆದಿಡು" ಅನ್ನುವ ಆರ್ಡರ್ ಹಾಗೆ, ಅವರು ಅಡುಗೆಮನೆಯಿಂದಲೇ "ಎಮರ್ಜೆನ್ಸಿ ಲೈಟ್ ಅಲ್ಲೇ ಉಂಟಲ್ಲ" ಅಂದ್ರು. ಗಂಡ ಒಳಗೆ ಬಂದು ಮೊಬೈಲ್ ಹಿಡಿದ್ರು. ಇತ್ತ ಹೆಂಡತಿಯ ಲಿಸ್ಟಿನಲ್ಲಿ ಎಂಟೂಕಾಲಿಗೆ "ಪತ್ರೊಡೆಗೆ ಈ ಸಲ ಹುಳಿ ಸ್ವಲ್ಪ ಜಾಸ್ತಿ ಹಾಕಿದ್ದೇನೆ" ಅಂತ ಇತ್ತು. ಉತ್ತರ "ಹ್ಞೂಂ", ಕಣ್ಣು ಸ್ಕ್ರೀನಿನಲ್ಲೇ. ಆ ಮೇಲೆ ಒಂಬತ್ತಕ್ಕೆ ಬಂದ ಮಾತು "ನಿಮ್ಗೆ ಆ ಮೊಬೈಲ್ ಒಂದಿದ್ರೆ ಸಾಕು". ಗಂಡ ಅದನ್ನು ಜಗಳದ ಸುರು ಅಂತ ತಿಳ್ಕೊಂಡಿದ್ರು, ಹೆಂಡತಿ ಅದನ್ನೂ ಕರೆಗಳ ಲಿಸ್ಟಿಗೇ ಸೇರಿಸಿದ್ರು. ನನ್ನ ಲೆಕ್ಕದಲ್ಲಿ ಅವರು ಸೇರಿಸಿದ್ದು ಸರಿ, ಕಂಪ್ಲೇಂಟ್ ವೇಷ ಹಾಕಿ ಬಂದ ಕರೆ ಅದು. ನಿಮ್ಮ ಮನೆಯಲ್ಲಿ ಬಂದ "ಇದ್ರೂ ಒಂದೇ ಇಲ್ದಿದ್ರೂ ಒಂದೇ" ಕೂಡ ಅಂಥದ್ದೇ.

ನೋಡಿ, ಇಬ್ಬರೂ ಕೆಟ್ಟವರಲ್ಲ, ಇಬ್ಬರೂ ಕರೀತಾ ಇದ್ರು. ಆದ್ರೆ ಒಬ್ಬರ ಕರೆ ಇನ್ನೊಬ್ಬರಿಗೆ ಕರೆ ಅಂತ ಕೇಳಿಸ್ತಾ ಇರ್ಲಿಲ್ಲ. ಗಮನ ಕೊಡದೆ ಹೋಗುದು ಹೆಚ್ಚಿನ ಮನೆಗಳಲ್ಲಿ ದ್ವೇಷದಿಂದ ಅಲ್ಲ, ಸುಸ್ತಿನಿಂದ, ನಿಮ್ಮ ಹಾಗೆ ನೈಟ್ ಶಿಫ್ಟ್ ಇದ್ದವರಿಗೆ ಇನ್ನೂ ಹೆಚ್ಚು. ಆದ್ರೆ ಕರೆದವರಿಗೆ ಅದು ಸುಸ್ತು ಅಂತ ಕಾಣುದಿಲ್ಲ. ಮತ್ತೆ ಒಂದು ವಿಷಯ ನೆನಪಿಡಿ, ಒಮ್ಮೆ ಬಿದ್ದು ಹೋದ ಕರೆಯನ್ನು ಅದೇ ಹೊತ್ತಲ್ಲಿ ಮತ್ತೆ ಕರೆಯುವವರು ತುಂಬ ಕಮ್ಮಿ, ಒಳ್ಳೆ ಸಂಬಂಧದಲ್ಲಿಯೂ ಕಮ್ಮಿ. ಹಾಗಾಗಿ ಮನೆಯಲ್ಲಿ ಮಾತು ಬರೀ "ಫೀಸ್ ಕಟ್ಟಿದ್ರಾ, ಗ್ಯಾಸ್ ಬುಕ್ ಮಾಡಿದ್ರಾ" ಇಷ್ಟಕ್ಕೇ ಬಂದು ನಿಂತ್ರೆ, ಅಥವಾ ಅವರ ಶಾಲೆಯ ಖುಷಿಯ ಸುದ್ದಿ ನಿಮ್ಗೆ ಅವರ ಅಕ್ಕನ ಬಾಯಿಂದ ಗೊತ್ತಾಗ್ಲಿಕ್ಕೆ ಸುರುವಾದ್ರೆ, ಅದು ಶಾಂತಿ ಅಲ್ಲ, ಕರೆಯುದನ್ನೇ ಬಿಟ್ಟಿದ್ದಾರೆ ಅಂತ ಅರ್ಥ. ನಿಮ್ಮ ಹೆಂಡತಿ ಇನ್ನೂ ಜಗಳ ಆಡ್ತಾರೆ ಅಂದ್ರೆ ಅವರು ಇನ್ನೂ ಕರೀತಾ ಇದ್ದಾರೆ.

ಖುಷಿಯ ಸುದ್ದಿ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ನಿಲ್ತೇನೆ, ಯಾಕಂದ್ರೆ ಹೆಚ್ಚಿನ ಗಂಡಸರು ನನ್ನ ಹತ್ರ "ಕಷ್ಟ ಬಂದಾಗ ನಾನು ನಿಲ್ತೇನಲ್ಲ ಮೇಡಂ" ಅಂತಾರೆ, ನಿಲ್ತಾರೆ ಕೂಡ. ಶೆಲ್ಲಿ ಗೇಬಲ್ ಅನ್ನುವ ಸಂಶೋಧಕಿ ಮತ್ತು ಅವರ ಜೊತೆಯವರು 2006ರಲ್ಲಿ ಪ್ರಕಟ ಮಾಡಿದ ಕೆಲಸದಲ್ಲಿ, ಜೋಡಿಗಳು ಕೆಟ್ಟ ಸುದ್ದಿಗೆ ಹೇಗೆ ಓಗೊಡ್ತಾರೆ ಅನ್ನುದಕ್ಕಿಂತ ಒಳ್ಳೆ ಸುದ್ದಿಗೆ ಹೇಗೆ ಓಗೊಡ್ತಾರೆ ಅನ್ನುದೇ ಸಂಬಂಧ ಹೇಗುಂಟು ಅಂತ ಹೆಚ್ಚು ಚೆನ್ನಾಗಿ ತೋರಿಸಿತು. ನಿಮ್ಮ ಮನೆಯ ಉದಾಹರಣೆಯಲ್ಲೇ ಹೇಳ್ತೇನೆ. ಅವರು ಬಂದು "ನನ್ನ ಕ್ಲಾಸಿನ ಹುಡುಗಿಗೆ ಪ್ರತಿಭಾ ಕಾರಂಜಿಯಲ್ಲಿ ಫಸ್ಟ್ ಬಂತು" ಅಂತಾರೆ. ನೀವು "ಹೌದಾ, ಒಳ್ಳೇದಾಯ್ತು" ಅಂತ ನೀರು ಕುಡೀಲಿಕ್ಕೆ ಹೋದ್ರೆ ಅದು ಕೆಟ್ಟ ಉತ್ತರ ಅಂತ ಯಾರಿಗೂ ಅನ್ನಿಸುದಿಲ್ಲ, ನಿಮ್ಗಂತೂ ಅನ್ನಿಸುದೇ ಇಲ್ಲ. ಆದ್ರೆ ಆ ಸ್ಟಡಿಗಳಲ್ಲಿ ಇಂಥ ತಣ್ಣಗಿನ ಒಪ್ಪಿಗೆ ಕೂಡ ಒಳ್ಳೆ ಸಂಬಂಧದ ಜೊತೆ ಸೇರಿ ಬರ್ಲಿಲ್ಲ. ಸೇರಿ ಬಂದದ್ದು ಒಂದೇ ಬಗೆ, ಕೂತು "ಯಾರು, ಆ ಹೆದರುವ ಹುಡುಗಿಯಾ? ಸ್ಟೇಜ್ ಮೇಲೆ ಹೇಗೆ ಮಾಡಿದ್ಲು?" ಅಂತ ಕೇಳುದು. ಒಂದು ಪ್ರಶ್ನೆ, ಎರಡು ನಿಮಿಷ. ಅದರಲ್ಲಿ ಮುಖ್ಯ ಆದದ್ದು ನೀವು ಆ ಹುಡುಗಿಯನ್ನು ಮೊದಲೇ ನೆನಪಿಟ್ಟಿದ್ದೀರಿ ಅನ್ನುದು.

ಈಗ ನಿಮ್ಮ ಬಳೆಯ ವಿಷಯಕ್ಕೆ ಬರ್ತೇನೆ. ಸಾರಾ ಆಲ್ಗೋ ಮತ್ತು ಇಬ್ಬರು ಸಂಶೋಧಕರು 2010ರಲ್ಲಿ ಒಂದು ಡೈರಿ ಸ್ಟಡಿ ಪ್ರಕಟ ಮಾಡಿದ್ರು, ಒಟ್ಟಿಗೆ ಬದುಕುವ ಜೋಡಿಗಳು ಎರಡು ವಾರ ಪ್ರತಿ ರಾತ್ರಿ ಬೇರೆ ಬೇರೆಯಾಗಿ ಬರೆದದ್ದು: ಇವತ್ತು ಅವರಿಗೋಸ್ಕರ ನಾನೇನು ಮಾಡಿದೆ, ಅವರು ನನಗೋಸ್ಕರ ಏನು ಮಾಡಿದ್ರು, ನನ್ಗೆ ಹೇಗನ್ನಿಸ್ತು. ಯಾವ ದಿನ ಒಬ್ಬರಿಗೆ "ಇವರು ನನ್ನ ಬಗ್ಗೆ ಯೋಚನೆ ಮಾಡಿ ಮಾಡಿದ್ದು" ಅಂತ ಕೃತಜ್ಞತೆ ಬಂತೋ, ಮಾರನೇ ದಿನ ಇಬ್ಬರಿಗೂ, ಪಡೆದವರಿಗೂ ಮಾಡಿದವರಿಗೂ, ಸಂಬಂಧ ಸ್ವಲ್ಪ ಹೆಚ್ಚು ಹತ್ತಿರ ಆದ ಹಾಗೆ ಅನ್ನಿಸಿತು. ಆದ್ರೆ ಬರೀ ಋಣದ ಭಾವನೆ, ಅಂದ್ರೆ "ಅಯ್ಯೋ ಇಷ್ಟು ಮಾಡಿದ್ರಲ್ಲ, ಇನ್ನು ನಾನೂ ಏನಾದ್ರೂ ಮಾಡ್ಬೇಕಲ್ಲ" ಅನ್ನುದು, ಆ ಕೆಲಸ ಮಾಡ್ಲಿಲ್ಲ. ದೊಡ್ಡ ಗಿಫ್ಟಿನ ತೊಂದರೆ ನನ್ನ ಪ್ರಕಾರ ಇಲ್ಲೇ ಇರುದು. ಬಳೆ ಕೊಟ್ಟಾಗ ಎರಡೂ ಭಾವನೆ ಒಟ್ಟಿಗೆ ಬರ್ತದೆ, ಮತ್ತೆ ಕೃತಜ್ಞತೆಯ ಬಿಸಿ ಒಂದೆರಡು ದಿನದ್ದು, ಬಳೆ ಲಾಕರಿಗೆ ಹೋದ ಮೇಲೆ ಉಳಿಯುದು ಋಣ ಮಾತ್ರ. ಜಗಳದಲ್ಲಿ ನೀವು "ಬಳೆ ಕೊಡ್ಲಿಲ್ವಾ, ರೆಸಾರ್ಟಿಗೆ ಕರ್ಕೊಂಡು ಹೋಗ್ಲಿಲ್ವಾ" ಅಂತ ಒಮ್ಮೆಯಾದ್ರೂ ಹೇಳಿದ್ರೆ (ಹೇಳಿರ್ತೀರಿ, ಹೆಚ್ಚಿನವರು ಹೇಳ್ತಾರೆ), ಆ ಬಳೆ ಅಲ್ಲಿಗೆ ಪೂರ್ತಿ ಋಣವೇ ಆಗಿ ಹೋಗ್ತದೆ.

ಅದೇ ನೀವು ಶಿಫ್ಟ್ ಮುಗಿಸಿ ಬರುವಾಗ ಸುರತ್ಕಲ್ ಮಾರ್ಕೆಟಲ್ಲಿ ಗಾಡಿ ನಿಲ್ಸಿ ಒಂದು ತುಂಡು ಮಲ್ಲಿಗೆ ತಂದ್ರಿ ಅಂತ ಇಟ್ಕೊಳ್ಳಿ. ಪ್ರತಿ ಶುಕ್ರವಾರ ಅಲಾರಂ ಇಟ್ಟು ತಂದ್ರೆ ಅದು ನಾಲ್ಕನೇ ವಾರಕ್ಕೆ ಹಾಲಿನ ಪ್ಯಾಕೆಟ್ ಹಾಗೆ ಆಗ್ತದೆ. ಆದ್ರೆ ಅವರು "ನಾಳೆ ಶಾಲೆಯಲ್ಲಿ ವಾರ್ಷಿಕೋತ್ಸವ, ಸೀರೆ ಉಡ್ಬೇಕು" ಅಂತ ಸೋಮವಾರ ಹೇಳಿದ್ದನ್ನು ಕೇಳಿಸ್ಕೊಂಡು ಸೋಮವಾರ ರಾತ್ರಿಯೇ ತಂದು ಫ್ರಿಡ್ಜಲ್ಲಿ ಬಾಳೆಲೆಯಲ್ಲಿ ಸುತ್ತಿ ಇಟ್ರೆ ಅದು ಬೇರೆಯೇ. ಹೂವು ಅದೇ, ರೇಟು ಅದೇ. ಎರಡನೆಯದು ಅವರ ಮಾತಿಗೆ ಬಂದ ಉತ್ತರ. ಸಣ್ಣದ್ದಕ್ಕೆ ಬೆಲೆ ಇರುದು ಅದು ಸಣ್ಣದು ಅನ್ನುವ ಕಾರಣಕ್ಕಲ್ಲ, ಆವತ್ತಿನ ಮಾತಿಗೆ ಆವತ್ತೇ ಓಗೊಡ್ಲಿಕ್ಕೆ ಆಗುದು ಸಣ್ಣದ್ದರಿಂದ ಮಾತ್ರ ಅನ್ನುವ ಕಾರಣಕ್ಕೆ. ಅನಿವರ್ಸರಿ ಕ್ಯಾಲೆಂಡರಿನಲ್ಲಿ ಬರ್ತದೆ, ಅವರು ಕರೆದಾಗ ಬರುದಿಲ್ಲ.

ನಾಳೆಯಿಂದ ಎಂತ ಮಾಡುದು ಅಂತ ಕೇಳಿದ್ರೆ, ಒಂದೇ ಹೊತ್ತನ್ನು ಹಿಡೀರಿ, ಇಡೀ ದಿನ ಬೇಡ. ಮನೆಗೆ ಬಂದ ಮೊದಲ 10 ನಿಮಿಷ. ಮೊಬೈಲ್ ಚಾರ್ಜಿಗೆ ಇಟ್ಟು ಅವರು ಇದ್ದಲ್ಲಿಗೆ ಹೋಗಿ, ಅಡುಗೆಮನೆಯಾದ್ರೆ ಅಲ್ಲಿಗೆ, ಮಗನ ಹೋಮ್‌ವರ್ಕ್ ಹತ್ರವಾದ್ರೆ ಅಲ್ಲಿಗೆ. ಅವರು ಹೇಳುವ ಯಾವುದಾದ್ರೂ ಒಂದು ಮಾತಿಗೆ ತಿರುಗಿ ಒಂದು ಪ್ರಶ್ನೆ ಕೇಳಿ, ಪರಿಹಾರ ಹೇಳ್ಬೇಡಿ, ಹೆಡ್‌ಮಾಸ್ಟರ ಮೇಲೆ ಕಂಪ್ಲೇಂಟ್ ಹೇಳಿದ್ರೂ "ನೀನು ಹೀಗೆ ಮಾಡ್ಬೇಕಿತ್ತು" ಅಂತ ಸುರು ಮಾಡ್ಬೇಡಿ. ನೈಟ್ ಶಿಫ್ಟ್ ಮುಗಿಸಿ ಬಂದ ಬೆಳಗ್ಗೆ ನಿಜವಾಗಿ ಆಗುದಿಲ್ಲವಾದ್ರೆ ಬಾಯಿ ಬಿಟ್ಟು ಹೇಳಿ, "ಈಗ ತಲೆ ಓಡುದಿಲ್ಲ, ಸಂಜೆ ಚಾ ಕುಡಿಯುವಾಗ ಹೇಳು" ಅಂತ, ಮತ್ತೆ ಸಂಜೆ ಚಾಕ್ಕೆ ಕೂತಾಗ ನೀವೇ ನೆನಪಿಸಿ ಕೇಳಿ. ಹಾಗೆ ಕೇಳಿದ್ರೆ ಬೆಳಗ್ಗೆ ತಪ್ಪಿದ್ದು ತಪ್ಪಿದ ಹಾಗೆ ಉಳಿಯುದಿಲ್ಲ. ನೆನಪಿಸಿ ಕೇಳದಿದ್ರೆ ಮೊದಲಿನದ್ದಕ್ಕಿಂತ ಕೆಟ್ಟದಾಗ್ತದೆ, ಇದನ್ನು ನಾನು ಒತ್ತಿ ಹೇಳ್ತೇನೆ.

ಸುರುವಿಗೆ ಒಳ್ಳೆ ಉತ್ತರ ಸಿಗ್ತದೆ ಅಂತ ಕಾಯ್ಬೇಡಿ. ಆ ಉಡುಪಿಯ ಜೋಡಿಯಲ್ಲಿ ಗಂಡ ಹೀಗೆ ಕೇಳ್ಲಿಕ್ಕೆ ಸುರು ಮಾಡಿದ ಮೊದಲ ವಾರ ಹೆಂಡತಿ "ಎಂತ, ಇದ್ದಕ್ಕಿದ್ದ ಹಾಗೆ ಭಾರೀ ವಿಚಾರಣೆ" ಅಂದಿದ್ರು, ಇವರಿಗೆ ಅಲ್ಲೇ ಬಿಟ್ಟುಬಿಡುವ ಅಂತ ಕಂಡಿತ್ತಂತೆ. ಬಿಡ್ಲಿಲ್ಲ. ಬದಲಾವಣೆ ನಮ್ಗೆ ಗೊತ್ತಾದದ್ದು ಸುಮಾರು ಐದನೇ ವಾರದಲ್ಲಿ, ಗಂಡ ಮನೆಗೆ ಬರುವ ಮೊದಲೇ ಹೆಂಡತಿ ಫೋನ್ ಮಾಡಿ ಎದುರುಮನೆಯ ಬೆಕ್ಕು ಮರಿ ಹಾಕಿದ ಸುದ್ದಿ ಹೇಳಿದ್ರು, ಬೇರೆ ಏನೂ ಕೆಲಸ ಇಲ್ಲದ ಫೋನ್. ಅಂಥ ಕೆಲಸಕ್ಕೆ ಬಾರದ ಫೋನ್ ನಿಮ್ಗೆ ಬಂದ್ರೆ ದಾರಿ ಸರಿ ಉಂಟು ಅಂತ ತಿಳ್ಕೊಳ್ಳಿ. ಆದ್ರೆ ಮನೆಯಲ್ಲಿ ಹೊಡೆತ, ಬೆದರಿಕೆ, ಕುಡಿತ, ಅಥವಾ ತುಂಬ ಸಮಯದಿಂದ ನಿದ್ದೆ ಊಟ ಬಿಟ್ಟ ಬೇಸರ ಏನಾದ್ರೂ ಇದ್ರೆ ನಾನು ಹೇಳಿದ ಇದ್ಯಾವುದೂ ಸಾಕಾಗುದಿಲ್ಲ, ಅಲ್ಲಿ ನೇರ ಸಹಾಯವೇ ಬೇಕು, ಕಾಯ್ಬಾರದು.

ಇನ್ನು ರೂಮ್ ಬುಕ್ ಮಾಡಿದ್ದು. ಕ್ಯಾನ್ಸಲ್ ಮಾಡ್ಬೇಡಿ. ವಿಶೇಷ ದಿನ ಕೆಟ್ಟದ್ದಂತ ಯಾರೂ ಹೇಳ್ಲಿಲ್ಲ, ಅದರ ಮೇಲೆ ಇಡೀ ವರ್ಷದ ಭಾರ ಹಾಕುದು ಮಾತ್ರ ಕಷ್ಟ. 2004ರಲ್ಲಿ ಮೋರ್ಸ್ ಮತ್ತು ನ್ಯೂಬರ್ಗ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ನೋಡಿದಾಗ, ವ್ಯಾಲೆಂಟೈನ್ಸ್ ಡೇಯ ಹಿಂದಿನ ಒಂದು ವಾರ ಮುಂದಿನ ಒಂದು ವಾರದಲ್ಲಿ ಬ್ರೇಕಪ್ ಬೇರೆ ತಿಂಗಳಿಗಿಂತ ಹೆಚ್ಚಿತ್ತು, ಅದೂ ಹೆಚ್ಚಾಗಿ ಮೊದಲೇ ಸಡಿಲ ಆಗಿದ್ದ ಜೋಡಿಗಳಲ್ಲಿ. ದಿನ ದೊಡ್ಡದಾದಷ್ಟು ಹೋಲಿಕೆಯೂ ನಿರೀಕ್ಷೆಯೂ ದೊಡ್ಡದಾಗ್ತದೆ, ಇದ್ದ ಬಿರುಕು ಎದ್ದು ಕಾಣ್ತದೆ. ನಿಮ್ಗೆ ಇನ್ನು ಒಂದು ತಿಂಗಳು ಉಂಟು, ಆ 10 ನಿಮಿಷ ಇವತ್ತಿನಿಂದಲೇ ಸುರು ಮಾಡಿ. ಮತ್ತೆ ಸರ್ಪ್ರೈಸ್ ಬೇಡ, ಈಗಲೇ ಅವರಿಗೆ ಹೇಳಿ, ಬುಕ್ ಮಾಡಿದ್ದೇನೆ, ನಿನ್ಗೆ ಅಲ್ಲಿಗೇ ಹೋಗುದು ಇಷ್ಟವಾ ಅಂತ ಕೇಳಿ. ಅವರು "ಅದೆಲ್ಲ ಬೇಡ, ಒಂದು ಸಂಜೆ ಕಾಪು ಲೈಟ್‌ಹೌಸ್ ಹತ್ರ ಕೂತು ಬರುವ, ಮಗನನ್ನು ಅಮ್ಮನ ಹತ್ರ ಬಿಡುವ" ಅಂದ್ರೆ ಅಡ್ವಾನ್ಸ್ ಹೋದ್ರೆ ಹೋಗ್ಲಿ, ಕಾಪುಗೇ ಹೋಗಿ.